ಬರೆ ಕಡಿಯುವ ಮುಂಚೆ ಮಾಡಬೇಕಾದ ಲೆಕ್ಕ: ಕೊಡಗಿನ ಒಂದು ಮನೆ, ಅದರ ಸಾಮಗ್ರಿ, ಅದರ ಇಂಗಾಲ

ಕೊಡಗಿನಲ್ಲಿ ಸಮತಟ್ಟಾದ ಜಾಗ ಅಂದರೆ ಒಂದೋ ಗದ್ದೆ, ಇಲ್ಲವೇ ಯಾರೋ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಮಾಡಿಟ್ಟದ್ದು. ಹಾಗಾಗಿ ಮಡಿಕೇರಿ ಸುತ್ತಮುತ್ತ ಸೈಟು ಕೊಂಡವರು ಮೊದಲು ಕರೆಯುವುದು ಜೆಸಿಬಿಯನ್ನು. ಜಾಗ ಮಟ್ಟ ಮಾಡಿಸಿದ ಮೇಲೆ ನಕ್ಷೆ, ನಕ್ಷೆ ಕೈಗೆ ಬಂದ ಮೇಲೆ ಎಂಜಿನಿಯರ್, ಆಮೇಲೆ ಸಿಮೆಂಟು ಯಾವ ಕಂಪನಿಯದು, ಕಂಬಿ ಯಾವುದು ಅನ್ನುವ ಚರ್ಚೆ. "ಪರಿಸರಕ್ಕೆ ಹಾನಿಯಾಗದ ಹಾಗೆ ಕಟ್ಟಬೇಕು, ಏನು ಮಾಡಲಿ" ಅಂತ ಕೇಳಿಕೊಂಡು ಬರುವವರೂ ಸಾಮಾನ್ಯವಾಗಿ ಈ ಕೊನೆಯ ಹಂತದಲ್ಲೇ ಬರುತ್ತಾರೆ. ಅಷ್ಟೊತ್ತಿಗೆ ಆ ಮನೆಯ ಇಂಗಾಲದ ಮುಕ್ಕಾಲು ಪಾಲು ತೀರ್ಮಾನವಾಗಿ ಹೋಗಿರುತ್ತದೆ.

ಯಾವ ಇಂಗಾಲ? ಮನೆಯಲ್ಲಿ ವಾಸಕ್ಕೆ ಬಂದ ಮೇಲೆ ದೀಪ, ಗೀಸರ್, ಫ್ರಿಜ್‌ಗೆ ಉರಿಸುವ ವಿದ್ಯುತ್ತಿನದು ಒಂದು ಲೆಕ್ಕ. ಇಲ್ಲಿ ಹೇಳುತ್ತಿರುವುದು ಅದಲ್ಲ. ಸಿಮೆಂಟಿನ ಗೂಡಿನಲ್ಲಿ, ಉಕ್ಕಿನ ಕುಲುಮೆಯಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಘಾಟಿ ಹತ್ತುವ ಲಾರಿಯಲ್ಲಿ, ಅಂದರೆ ಗೃಹಪ್ರವೇಶಕ್ಕೂ ಮೊದಲೇ ಹೊಗೆಯಾಗಿ ಹೋದ ಇಂಗಾಲದ ಡೈಆಕ್ಸೈಡ್ ಇದು. ಸಾಮಗ್ರಿಯ ಜೊತೆಗೇ ಮನೆಯೊಳಗೆ ಬಂದು ಕೂರುವುದರಿಂದ ಇದನ್ನು ಹುದುಗಿದ ಇಂಗಾಲ ಎನ್ನುತ್ತಾರೆ. ಮುಂದೆ ಬರೀ 'ಇಂಗಾಲ' ಅಂದಾಗಲೆಲ್ಲ ಈ ಡೈಆಕ್ಸೈಡಿನ ತೂಕ ಅಂತಲೇ ತಿಳಿಯಿರಿ.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಹೆಚ್ಚು ತೂಕವಿದೆ. ಇಲ್ಲಿ ಏಸಿ ಬೇಡ. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಯ ವಿದ್ಯುತ್ತಿನಿಂದ ವರ್ಷಕ್ಕೆ ಸುಮಾರು 850 ಕೆಜಿ ಇಂಗಾಲ ಬರುತ್ತದೆ, ಯೂನಿಟ್ಟಿಗೆ 0.7 ಕೆಜಿ ಹಿಡಿದರೆ. ಅದೇ ಮನೆಯನ್ನು ಕಟ್ಟುವಾಗ ಹೋದದ್ದು 36 ಟನ್ ಆಗಿದ್ದರೆ, ನಲವತ್ತು ವರ್ಷದ ಕರೆಂಟಿನ ಇಂಗಾಲ ಒಂದೇ ಬೇಸಿಗೆಯಲ್ಲಿ ಖರ್ಚಾದಂತೆ. 36 ಟನ್ ಎನ್ನುವ ಸಂಖ್ಯೆ ಎಲ್ಲಿಂದ ಬಂತೆಂದು ಮುಂದೆ ಬಿಡಿಸಿ ತೋರಿಸುತ್ತೇನೆ.

ಮೊದಲು ಎರಡು ಸಾಮಗ್ರಿಗಳನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಉಳಿದವೆಲ್ಲ ಇವುಗಳ ಹಿಂದೆಯೇ ಬರುತ್ತವೆ.

ಸಿಮೆಂಟಿನ ಕಥೆ ಬರೀ ಕಲ್ಲಿದ್ದಲಿನ ಕಥೆಯಲ್ಲ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟಾಗ ಸಿಗುವ ಗಟ್ಟಿ ಉಂಡೆಗಳಿಗೆ ಕ್ಲಿಂಕರ್ ಎನ್ನುತ್ತಾರೆ. ಅದನ್ನು ಪುಡಿ ಮಾಡಿದರೆ ಸಿಮೆಂಟು. ಸುಣ್ಣದ ಕಲ್ಲು ಒಡೆಯುವಾಗ ಅದರೊಳಗೇ ಕಟ್ಟಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ರಾಸಾಯನಿಕ ಕ್ರಿಯೆಯಿಂದಲೇ ಬರುವಂಥದ್ದು, ಉರುವಲಿನಿಂದಲ್ಲ. ಹಾಗಾಗಿ ಕಾರ್ಖಾನೆಯವರು ನಾಳೆ ಪೂರ್ತಿ ಸೌರವಿದ್ಯುತ್ತಿಗೆ ಬದಲಾದರೂ ಈ ಭಾಗ ಹಾಗೇ ಉಳಿಯುತ್ತದೆ. ಕಡಿಮೆ ಮಾಡಬೇಕೆಂದರೆ ಕ್ಲಿಂಕರನ್ನೇ ಕಡಿಮೆ ಮಾಡಬೇಕು. ಪಿಪಿಸಿ ಎಂದು ಚೀಲದ ಮೇಲೆ ಬರೆದಿರುವ ಸಿಮೆಂಟಿನಲ್ಲಿ ಆಗಿರುವುದು ಇದೇ. ಅದರಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ ಬೆರೆಸಲು ನಮ್ಮ ಐಎಸ್ ಮಾನದಂಡ ಅವಕಾಶ ಕೊಡುತ್ತದೆ. ಪಿಎಸ್‌ಸಿ ಎಂಬುದರಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಇನ್ನೂ ಹೆಚ್ಚು ಪ್ರಮಾಣದಲ್ಲಿ ಇರುತ್ತದೆ. ಕೈಲೆಕ್ಕಕ್ಕೆ, ಇಂಥದ್ದೇನೂ ಬೆರೆಸದ ಓಪಿಸಿ ಸಿಮೆಂಟಿಗೆ ಕೆಜಿಗೆ 0.9 ಕೆಜಿ ಇಂಗಾಲ, ಪಿಪಿಸಿಗೆ 0.65 ಎಂದು ಹಿಡಿಯಬಹುದು. ಅಂದರೆ 50 ಕೆಜಿಯ ಚೀಲವೊಂದಕ್ಕೆ 45 ಕೆಜಿ ಮತ್ತು 33 ಕೆಜಿ.

ಕಂಬಿಯದು ಬೇರೆ ಸ್ವಭಾವ. ಅದಿರಿನಿಂದ ಕಬ್ಬಿಣ ಬಿಡಿಸಲು ನಮ್ಮ ದೇಶದಲ್ಲಿ ಕಲ್ಲಿದ್ದಲನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವುದರಿಂದ ಒಂದು ಕೆಜಿ ಉಕ್ಕಿಗೆ ಸುಮಾರು 2.5 ಕೆಜಿ ಇಂಗಾಲ ಆಗುತ್ತದೆ. ಗುಜರಿ ಕರಗಿಸಿ ಮಾಡಿದ ಕಂಬಿಗೆ ಇದರ ಮೂರರಲ್ಲೊಂದು ಸಾಕು. ಆದರೆ ಸಣ್ಣ ಕುಲುಮೆಗಳಲ್ಲಿ ಗುಜರಿಯ ಜೊತೆ ಕಲ್ಲಿದ್ದಲಿನಿಂದ ಮಾಡಿದ ಸ್ಪಾಂಜ್ ಕಬ್ಬಿಣವನ್ನೂ ಹಾಕುತ್ತಾರೆ. ಆ ಪ್ರಮಾಣ ಎಷ್ಟೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ, ಬಿಲ್ಲಿನ ಮೇಲೂ ಬರೆದಿರುವುದಿಲ್ಲ. ಒಂದು ಮನೆಗೆ ಬೇಕಾದಷ್ಟೇ ಕಂಬಿ ಕೊಳ್ಳುವವರು 'ಒಳ್ಳೆಯ ಕಂಬಿ' ಹುಡುಕುವುದಕ್ಕಿಂತ ಕಡಿಮೆ ಕಂಬಿ ಬೇಡುವ ಮನೆ ಹುಡುಕುವುದು ಲೇಸು.

ಇವೆರಡೂ ಸೇರುವ ಜಾಗ ಆರ್‌ಸಿಸಿ. ಎಂಟು ಚೀಲ ಪಿಪಿಸಿ ಹಾಕಿ ಕಲಸಿದ ಒಂದು ಘನ ಮೀಟರ್ ಕಾಂಕ್ರೀಟಿಗೆ, ಜಲ್ಲಿ ಮತ್ತು ಎಂ-ಸ್ಯಾಂಡಿನ ಪಾಲೂ ಸೇರಿ, 280 ಕೆಜಿ ಇಂಗಾಲ. ಮೇಲ್ಛಾವಣಿ ಮೋಲ್ಡಿನಲ್ಲಿ ಆ ಒಂದು ಘನ ಮೀಟರಿಗೆ 80 ಕೆಜಿ ಕಂಬಿ ಹೋಗುತ್ತದೆ ಎಂದಿಟ್ಟುಕೊಳ್ಳಿ, ಅದರದು 200 ಕೆಜಿ. ನೋಡಲು ಸ್ಲ್ಯಾಬು ಪೂರ್ತಿ ಕಾಂಕ್ರೀಟು, ಕಂಬಿ ಅದರೊಳಗೆ ಎಳೆಯಷ್ಟು. ಇಂಗಾಲದಲ್ಲಿ ಮಾತ್ರ ಕಂಬಿಯ ಪಾಲು ನೂರಕ್ಕೆ ನಲವತ್ತು ಮೀರುತ್ತದೆ. ಸಿಮೆಂಟಿನ ಬಗ್ಗೆ ಮಾತ್ರ ತಲೆಕೆಡಿಸಿಕೊಳ್ಳುವವರು ಇದನ್ನು ಮರೆಯುತ್ತಾರೆ.

ಈಗ ಲೆಕ್ಕದ ಮನೆಗೆ ಬರೋಣ. ಮಡಿಕೇರಿ ಕಡೆಯ ಒಂದು ಇಳಿಜಾರು ಸೈಟು. ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗಿಳಿಯುವಷ್ಟು ಇಳಿಜಾರು, ಇಲ್ಲಿ ಇದೇನೂ ವಿಶೇಷವಲ್ಲ. ಬೇಕಾದದ್ದು 100 ಚದರ ಮೀಟರಿನ, ಅಂದರೆ ಹೆಚ್ಚುಕಡಿಮೆ 1075 ಚದರಡಿಯ, ಒಂದೇ ಅಂತಸ್ತಿನ ಮನೆ. ಇದನ್ನು ಎರಡು ರೀತಿ ಕಟ್ಟಿ ನೋಡುತ್ತೇನೆ. ಟೈಲ್ಸ್, ಕಿಟಕಿ, ವೈರಿಂಗ್, ಪೇಂಟು ಎರಡಕ್ಕೂ ಒಂದೇ, ಹಾಗಾಗಿ ಅವನ್ನು ಬಿಟ್ಟಿದ್ದೇನೆ. ಸಂಖ್ಯೆಗಳೆಲ್ಲ ಎಸ್ಟಿಮೇಟ್ ಮಟ್ಟದವು. ನೂರಕ್ಕೆ ಇಪ್ಪತ್ತರಷ್ಟು ಅತ್ತಿತ್ತ ಆಗಬಹುದು, ಆದರೆ ಯಾವುದು ದೊಡ್ಡದು ಯಾವುದು ಸಣ್ಣದು ಎಂಬ ಕ್ರಮ ಬದಲಾಗುವುದಿಲ್ಲ.

ಮೊದಲ ಮನೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ. ಬಯಲುಸೀಮೆಯ ಸೈಟಿಗೆ ಬರೆದ ನಕ್ಷೆಯನ್ನೇ ತಂದು ಇಲ್ಲಿ ಕೂರಿಸಿದಂತೆ. ಹತ್ತು ಮೀಟರ್ ಆಳಕ್ಕೆ ಎರಡೂವರೆ ಮೀಟರ್ ಇಳಿಜಾರು ಬರುವುದರಿಂದ ಹಿಂದಿನ ಬರೆಯನ್ನು ಅಷ್ಟೂ ಎತ್ತರ ಕಡಿಯಬೇಕು. ಮನೆಯ ಜಾಗವೊಂದರಲ್ಲೇ ಸುಮಾರು 125 ಘನ ಮೀಟರ್ ಮಣ್ಣು ಏಳುತ್ತದೆ. ಇದಕ್ಕೆ ಜೆಸಿಬಿ, ಟಿಪ್ಪರ್ ಸೇರಿ ನೂರು ಲೀಟರ್ ಡೀಸೆಲ್ ಉರಿಸಿದರೂ ಇಂಗಾಲ 270 ಕೆಜಿ ಅಷ್ಟೇ. ಅಗೆತದಲ್ಲಿ ಅಂಥದ್ದೇನಿಲ್ಲ, ಅಗೆದ ಮೇಲೆ ನಿಲ್ಲಿಸಬೇಕಾದ ಗೋಡೆಯಲ್ಲಿದೆ. ಕಡಿದ ಬರೆಗೆ ಬುನಾದಿ ಸೇರಿ ಮೂರು ಮೀಟರ್ ಎತ್ತರ, ಹನ್ನೆರಡು ಮೀಟರ್ ಉದ್ದದ ಆರ್‌ಸಿಸಿ ತಡೆಗೋಡೆ ಬೇಕು. ಎಲ್ ಆಕಾರದ ಗೋಡೆ, ಎರಡು ಮೀಟರ್ ಅಗಲದ ಪಾದ. ಒಟ್ಟು 17 ಘನ ಮೀಟರ್ ಕಾಂಕ್ರೀಟು, ಒಂದೂವರೆ ಟನ್ ಕಂಬಿ. ಇಂಗಾಲ 8.5 ಟನ್. ಮನೆಯ ಒಂದು ಕೋಣೆಯೂ ಇನ್ನೂ ಎದ್ದಿಲ್ಲ.

2018ರ ಆಗಸ್ಟಿನ ಭೂಕುಸಿತಗಳಾದ ಮೇಲೆ ತಡೆಗೋಡೆಗಳ ಗಾತ್ರ ಹೆಚ್ಚಾಗಿದೆ, ಅದು ಅರ್ಥವಾಗುವಂಥದ್ದೇ. ಕಡಿದ ಬರೆಗೆ ಗೋಡೆ ಬೇಕೇ ಬೇಕು, ಅದರಲ್ಲಿ ಇಂಗಾಲ ಉಳಿಸಲು ಹೋಗಬಾರದು. ಆದರೆ ಗೋಡೆ ದಪ್ಪ ಮಾಡಿದ್ದಕ್ಕೇ ಅದು ನಿಲ್ಲುತ್ತದೆ ಎನ್ನುವುದು ತಪ್ಪು. ಮಳೆಗಾಲದಲ್ಲಿ ಗೋಡೆಯನ್ನು ತಳ್ಳುವುದು ಮಣ್ಣಿಗಿಂತ ಹೆಚ್ಚಾಗಿ ಅದರ ಹಿಂದೆ ತುಂಬಿ ನಿಂತ ನೀರು. ಹಿಂದುಗಡೆ ಜಲ್ಲಿ ತುಂಬಿಸಿ, ನೀರು ಬಸಿಯುವ ತೂತುಗಳನ್ನು ಬಿಟ್ಟಿದ್ದರೆ ಗೋಡೆ ನಿಲ್ಲುತ್ತದೆ. ಜುಲೈ ತಿಂಗಳಲ್ಲಿ ಆ ತೂತುಗಳಿಂದ ಒಂದು ಹನಿಯೂ ಬರದೆ ಗೋಡೆಯ ಮೈ ಮಾತ್ರ ಒದ್ದೆಯಾಗಿದ್ದರೆ, ಹಿಂದೆ ನೀರು ಕಟ್ಟಿಕೊಂಡಿದೆ ಎಂದೇ ಲೆಕ್ಕ.

ಮುಂದೆ ಮೊದಲ ಮನೆಯ ಪಿಲ್ಲರು, ಬೀಮು, ಬುನಾದಿ. ಒಂದೇ ಅಂತಸ್ತಿನ ಮನೆಗೆ ಹನ್ನೆರಡು ಪಿಲ್ಲರು ಯಾಕೆ ಅಂತ ಯಾರೂ ಕೇಳುವುದಿಲ್ಲ. ಮುಂದೊಂದು ದಿನ ಮೇಲೆ ಎರಡು ಅಂತಸ್ತು ಏರಿಸಬಹುದು ಎಂಬ ಆಸೆ ಇರುತ್ತದೆ, ಹೆಚ್ಚಿನ ಮನೆಗಳಲ್ಲಿ ಅದು ಆಸೆಯಾಗಿಯೇ ಉಳಿಯುತ್ತದೆ. ಪಾದ, ಪಿಲ್ಲರು, ಪ್ಲಿಂತ್ ಬೀಮು, ಮೇಲಿನ ಬೀಮು ಎಲ್ಲ ಸೇರಿ 19 ಘನ ಮೀಟರ್. ಇವುಗಳಲ್ಲಿ ಕಂಬಿ ಒತ್ತೊತ್ತಾಗಿ ಇರುವುದರಿಂದ 10.5 ಟನ್ ಇಂಗಾಲ. ನಡುವೆ ತುಂಬುವ ಎಂಟಿಂಚಿನ ಕಾಂಕ್ರೀಟ್ ಬ್ಲಾಕು, ಗಾರೆ, ಎರಡೂ ಕಡೆ ಪ್ಲಾಸ್ಟರಿಂಗ್ ಸೇರಿ 5.5 ಟನ್. ಈ ಬ್ಲಾಕ್ ಗೋಡೆ ಭಾರ ಹೊರುವಷ್ಟು ಗಟ್ಟಿಯೇ ಇದೆ, ಆದರೆ ಭಾರವನ್ನೆಲ್ಲ ಪಿಲ್ಲರು ಹೊರುತ್ತಿದೆ. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟಂತಾಯಿತು.

ಆಮೇಲೆ ಚಾವಣಿ. ಸಜ್ಜಾ ಸೇರಿಸಿ 125 ಚದರ ಮೀಟರ್, ಐದಿಂಚಿನ ಸ್ಲ್ಯಾಬು, 16 ಘನ ಮೀಟರ್, 7.7 ಟನ್. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಮಡಿಕೇರಿಯಲ್ಲಿ ಚಪ್ಪಟೆ ತಾರಸಿ ಎಷ್ಟು ಮಳೆಗಾಲ ತಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಎರಡನೆಯ ಅಥವಾ ಮೂರನೆಯ ವರ್ಷ ಮೂಲೆಯಲ್ಲಿ ತೇವ, ಆಮೇಲೆ ಬೂಷ್ಟು, ಆಮೇಲೆ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟು. ಊರೊಳಗೆ ಒಂದು ಸುತ್ತು ಹಾಕಿದರೆ ತಾರಸಿಯ ಮೇಲೆ ಶೀಟಿನ ಟೋಪಿ ಇಲ್ಲದ ಮನೆ ಹುಡುಕುವುದು ಕಷ್ಟ. ಪೈಪು ಮತ್ತು ಶೀಟು ಸೇರಿ ಚದರ ಮೀಟರಿಗೆ 12 ಕೆಜಿ ಉಕ್ಕು ಹಿಡಿದರೆ 140 ಚದರ ಮೀಟರಿಗೆ 4.2 ಟನ್ ಇಂಗಾಲ. ಮಳೆ ತಡೆಯಲು ಹಾಕಿದ ಮೊದಲ ಚಾವಣಿ ಮಳೆ ತಡೆಯದೆ, ಅದನ್ನು ಮಳೆಯಿಂದ ಕಾಪಾಡಲು ಎರಡನೆಯ ಚಾವಣಿ!

ಕೂಡಿದರೆ 36 ಟನ್ ದಾಟುತ್ತದೆ. ಇದರಲ್ಲಿ ತಡೆಗೋಡೆ, ಪಿಲ್ಲರ್ ಚೌಕಟ್ಟು, ಎರಡು ಚಾವಣಿ, ಈ ಮೂರೇ ಸೇರಿ 31 ಟನ್. ಮೂರೂ ನಕ್ಷೆಯ ಮೊದಲ ಗೆರೆಯಲ್ಲಿ ಹುಟ್ಟಿದವು.

ಎರಡನೆಯ ಮನೆಯನ್ನು ಇಳಿಜಾರಿಗೆ ಅಡ್ಡಲಾಗಿ, ಬೆಟ್ಟದ ಮಟ್ಟರೇಖೆಯ ಗುಂಟ ಉದ್ದಕ್ಕೆ ಮಲಗಿಸುತ್ತೇನೆ. ಆರು ಮೀಟರ್ ಅಗಲ, ಸುಮಾರು 17 ಮೀಟರ್ ಉದ್ದ. ಆರು ಮೀಟರಿಗೆ ಇಳಿಜಾರು ಒಂದೂವರೆ ಮೀಟರ್ ಮಾತ್ರ. ಮನೆಯೊಳಗೇ ಒಂದು ಮಟ್ಟ ಬದಲಾಯಿಸಿ ನಾಲ್ಕೈದು ಮೆಟ್ಟಿಲು ಇಟ್ಟರೆ ಎಲ್ಲಿಯೂ ಮುಕ್ಕಾಲು ಮೀಟರಿಗಿಂತ ಹೆಚ್ಚು ಬರೆ ಕಡಿಯಬೇಕಾಗಿಲ್ಲ. ಅಷ್ಟನ್ನು ಸೈಜುಗಲ್ಲಿನ ಕಟ್ಟೆಯೇ ತಡೆಯುತ್ತದೆ. ಇಂಗಾಲ ಒಂದು ಟನ್ ಒಳಗೆ. ಎಂಟೂವರೆ ಟನ್ನಿನ ಗೋಡೆ ಕಾಣೆಯಾದದ್ದು ಸಾಮಗ್ರಿ ಬದಲಿಸಿದ್ದರಿಂದ ಅಲ್ಲ, ಮನೆಯನ್ನು ತಿರುಗಿಸಿದ್ದರಿಂದ.

ಇದಕ್ಕೆ ಬೆಲೆ ಇಲ್ಲದೆ ಇಲ್ಲ. ಚೌಕದ ಹೊರಸುತ್ತು 40 ಮೀಟರ್, ಉದ್ದ ಮನೆಯದು 46. ಹೊರಗೋಡೆ, ಚಾವಣಿ ಎರಡೂ ಸ್ವಲ್ಪ ಹೆಚ್ಚುತ್ತವೆ. ಮೊಣಕಾಲು ನೋವಿನ ಹಿರಿಯರು ಇರುವ ಮನೆಗೆ ಒಳಗಿನ ಮೆಟ್ಟಿಲು ಹಿಡಿಸುವುದಿಲ್ಲ. ಆಗ ಅಡುಗೆಮನೆ, ಒಂದು ಮಲಗುವ ಕೋಣೆ, ಬಚ್ಚಲು ಒಂದೇ ಮಟ್ಟದಲ್ಲಿ ಬರುವ ಹಾಗೆ ಹಂಚಬೇಕು. ನಕ್ಷೆಯ ಹಂತದಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಬರೆ ಕಡಿದಾದ ಮೇಲೆ ಯಾರಿಂದಲೂ ಆಗದ ಕೆಲಸ.

ಈ ಮನೆಗೆ ಪಿಲ್ಲರಿಲ್ಲ. ಸೈಜುಗಲ್ಲಿನ ಬುನಾದಿ, ಅದರ ಮೇಲೆ ಭಾರ ಹೊರುವ ಒಂಬತ್ತಿಂಚಿನ ಕೆಂಪುಕಲ್ಲಿನ ಗೋಡೆ. ಪ್ಲಿಂತ್, ಲಿಂಟಲ್ ಮತ್ತು ಚಾವಣಿ ಮಟ್ಟದಲ್ಲಿ ಮನೆಯ ಸುತ್ತ ಒಂದೊಂದು ಆರ್‌ಸಿಸಿ ಪಟ್ಟಿ. ಈ ಪಟ್ಟಿಗಳನ್ನು ಬಿಡುವಂತಿಲ್ಲ. ಭೂಮಿ ಅದುರಿದಾಗ, ಬುನಾದಿ ಒಂದು ಕಡೆ ಕುಸಿದಾಗ ಗೋಡೆಗಳನ್ನು ಒಟ್ಟಿಗೆ ಹಿಡಿದಿಡುವುದು ಅವೇ. ಬುನಾದಿ 2.1 ಟನ್, ಪಟ್ಟಿಗಳು 3.2 ಟನ್, ಗೋಡೆ 2 ಟನ್, ಒಳಗಡೆಯಷ್ಟೇ ಪ್ಲಾಸ್ಟರಿಂಗ್ 0.4 ಟನ್. ಒಟ್ಟು ಎಂಟು ಟನ್ನಿಗೂ ಕಡಿಮೆ, ಮೊದಲ ಮನೆಯ 16 ಟನ್ನಿನ ಎದುರಿಗೆ. ಮೇಲೆ ಇನ್ನೊಂದು ಅಂತಸ್ತು ಬೇಕಿದ್ದರೂ ಸರಿಯಾಗಿ ಕಟ್ಟಿದ ಈ ಗೋಡೆ ಹೊರುತ್ತದೆ. ಮೂರು ಅಂತಸ್ತು ಅಂದರೆ ಪಿಲ್ಲರಿಗೆ ಹೋಗಬೇಕಾಗುತ್ತದೆ.

ಪಿಲ್ಲರ್ ಕಟ್ಟಡಕ್ಕೂ ಗೋಡೆಯೇ ಭಾರ ಹೊರುವ ಕಟ್ಟಡಕ್ಕೂ ಇರುವ ಈ ಅಂತರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರದು ಇಂಗಾಲದ ಬದಲು ಸಾಮಗ್ರಿ ತಯಾರಿಕೆಗೆ ತಗಲುವ ಶಕ್ತಿಯ ಲೆಕ್ಕ. ಬಹುಮಹಡಿ ಆರ್‌ಸಿಸಿ ಚೌಕಟ್ಟಿನ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಗೋಡೆಯೇ ಭಾರ ಹೊರುವ ಎರಡಂತಸ್ತಿನ ಕಟ್ಟಡಕ್ಕೆ 2.92, ಮಣ್ಣಿನ ಬ್ಲಾಕಿನಂಥ ಬದಲಿ ಸಾಮಗ್ರಿಯದಕ್ಕೆ 1.61.

ಕೆಂಪುಕಲ್ಲಿನ ಬಗ್ಗೆ ಒಂದು ಆಕ್ಷೇಪ ಸದಾ ಬರುತ್ತದೆ: ಅದು ಘಾಟಿ ಕೆಳಗಿನಿಂದ, ದಕ್ಷಿಣ ಕನ್ನಡದಿಂದಲೋ ಕಾಸರಗೋಡು ಕಣ್ಣೂರು ಕಡೆಯಿಂದಲೋ ಲಾರಿಯಲ್ಲಿ ಬರಬೇಕಲ್ಲ ಅಂತ. ನಿಜ, ಕೊಡಗಿಗೆ ರೈಲಿಲ್ಲ, ಉಪ್ಪಿನಿಂದ ಉಕ್ಕಿನವರೆಗೆ ಎಲ್ಲವೂ ಲಾರಿಯಲ್ಲೇ. ಲಾರಿಗೆ ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ಹೆಚ್ಚುಕಡಿಮೆ 0.1 ಕೆಜಿ ಇಂಗಾಲ. ನಮ್ಮ ಮನೆಯ 74 ಟನ್ ಕಲ್ಲು ನೂರು ಕಿಲೋಮೀಟರ್ ಬಂದು, ಲಾರಿ ಖಾಲಿ ವಾಪಸಾಗುವುದೂ ಸೇರಿದರೆ ಒಂದು ಟನ್. ಕಲ್ಲಿನ ಇಂಗಾಲದಲ್ಲಿ ಸಾಗಣೆಯದೇ ಸಿಂಹಪಾಲು, ಯಾಕೆಂದರೆ ಅದನ್ನು ಯಾರೂ ಸುಟ್ಟಿಲ್ಲ, ಗರಗಸದಲ್ಲಿ ಕೊಯ್ದದ್ದಷ್ಟೇ. ಅದೇ ಒಂದು ಟನ್ ಸಿಮೆಂಟು 450 ಕಿಲೋಮೀಟರ್ ದೂರದಿಂದ ಬಂದರೂ ಸಾಗಣೆಗೆ 45 ಕೆಜಿ, ತಯಾರಿಕೆಗೆ 650. ಅಂದರೆ ದೂರ ನೋಡಬೇಕಾದದ್ದು ಕಲ್ಲು, ಮರಳು, ಜಲ್ಲಿಯಂಥ ತೂಕದ ಕಚ್ಚಾ ಸರಕಿಗೆ. ಸಿಮೆಂಟು, ಕಂಬಿ ಹತ್ತಿರದ ಕಾರ್ಖಾನೆಯದೋ ದೂರದ್ದೋ ಎನ್ನುವುದರಿಂದ ದೊಡ್ಡ ವ್ಯತ್ಯಾಸವಿಲ್ಲ, ಎಷ್ಟು ಬೇಕು ಎನ್ನುವುದೇ ಮುಖ್ಯ. ಕಲ್ಲು ಆರಿಸುವಾಗ ಬಿಳಿ ಹಳದಿ ಜೇಡಿಯ ಗೂಡುಗಳು ಹೆಚ್ಚಾಗಿರುವುದನ್ನು ಬೇಡ ಎನ್ನಿ. ಅದು ಮಳೆಗೆ ಕರಗಿ ತೂತಾಗುತ್ತದೆ.

ಸೈಟಿನ ಮಣ್ಣಿನಲ್ಲೇ ಬ್ಲಾಕು ಒತ್ತಿಸಿದರೆ ಇನ್ನೂ ಒಳ್ಳೆಯದಲ್ಲವೇ? ಆಗಬಹುದು, ಆದರೆ ಇಲ್ಲಿ ಒಂದು ಬಲೆಯಿದೆ. ಮಣ್ಣಿನ ಬ್ಲಾಕಿಗೆ ಶೇ 7ರಷ್ಟು ಸಿಮೆಂಟು ಹಾಕಿದರೆ ಒಂದು ಘನ ಮೀಟರಿಗೆ ಸುಮಾರು 125 ಕೆಜಿ ಸಿಮೆಂಟು, 80 ಕೆಜಿ ಇಂಗಾಲ. ಕಾಂಕ್ರೀಟ್ ಸಾಲಿಡ್ ಬ್ಲಾಕಿನದು 120. ಕೊಡಗಿನ ಮಣ್ಣಿನಲ್ಲಿ ಜೇಡಿ ಹೆಚ್ಚಿರುವ ಕಡೆ ಬ್ಲಾಕು ಬಿರುಕು ಬಿಡುತ್ತದೆ. ಆಗ ಮರಳು ಬೆರೆಸುವ ಬದಲು, ಗಟ್ಟಿ ಬರಲಿ ಅಂತ ಸಿಮೆಂಟನ್ನು ಶೇ 10ಕ್ಕೋ 12ಕ್ಕೋ ಏರಿಸುತ್ತಾರೆ. ಅಲ್ಲಿಗೆ ಅದು ಇಂಗಾಲದಲ್ಲಿ ಕಾಂಕ್ರೀಟ್ ಬ್ಲಾಕೇ ಆಗುತ್ತದೆ, ಬಣ್ಣ ಮಾತ್ರ ಮಣ್ಣಿನದು. ಒಂದು ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಅಲ್ಲಾಡಿಸಿ ಒಂದು ದಿನ ಬಿಟ್ಟರೆ ಮರಳು ಕೆಳಗೆ, ಜೇಡಿ ಮೇಲೆ ಪದರಾಗಿ ಕೂರುತ್ತದೆ. ಜೇಡಿಯ ಪದರ ಮರಳಿನದಕ್ಕೆ ಸಮನಾಗಿದ್ದರೆ ಸಿಮೆಂಟಿಗಲ್ಲ, ಮರಳಿಗೆ ಹೇಳಿ ಕಳಿಸಬೇಕು. ಒತ್ತುವ ಕೆಲಸವೂ ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಏಪ್ರಿಲ್ ಒಳಗೇ ಮುಗಿಯಬೇಕು.

ಇನ್ನು ಎರಡನೆಯ ಮನೆಯ ಚಾವಣಿ. ಇಲ್ಲಿ ಸ್ಲ್ಯಾಬೇ ಇಲ್ಲ, ನೇರವಾಗಿ ಇಳಿಜಾರು ಹಂಚಿನ ಮಾಡು. ಗೋಡೆಗೆ ಮಳೆ ಬಡಿಯದಂತೆ ಮೂರಡಿ ಹೊರಚಾಚಿದ ಸೂರು ಇರಬೇಕಾದ್ದರಿಂದ 165 ಚದರ ಮೀಟರ್ ಆಗುತ್ತದೆ. ಒಂದು ಚದರ ಮೀಟರಿಗೆ 15 ಮಂಗಳೂರು ಹಂಚು, ಹಂಚೊಂದಕ್ಕೆ 0.6 ಕೆಜಿ ಇಂಗಾಲ ಹಿಡಿದು, ಒಡೆಯುವುದನ್ನೂ ಸೇರಿಸಿ 1.6 ಟನ್. ಹಂಚು ಹೊರುವ ಕೆಳಗಿನ ಚೌಕಟ್ಟನ್ನು ಕಬ್ಬಿಣದ ಪೈಪಿನಲ್ಲಿ ಮಾಡಿದರೆ 5 ಟನ್, ಒಟ್ಟು 6.6. ಮೊದಲ ಮನೆಯ ಸ್ಲ್ಯಾಬು ಮತ್ತು ಶೀಟಿನ ಸುಮಾರು 12 ಟನ್ನಿನ ಎದುರಿಗೆ ಇದು ಕಡಿಮೆಯೇ, ಆದರೆ ನೋಡಿ, ಇದರಲ್ಲೂ ಮುಕ್ಕಾಲು ಪಾಲು ಉಕ್ಕು.

ಅದರ ಬದಲು ಪಕಾಸು, ರೀಪು ಎಲ್ಲ ತೋಟದ ಸಿಲ್ವರ್ ಓಕ್ ಮರದಲ್ಲೇ ಮಾಡಿದರೆ? ಸುಮಾರು 4 ಘನ ಮೀಟರ್ ಕೊಯ್ದ ಮರ ಬೇಕು. ಕೊಯ್ತ, ಒಣಗಿಸುವಿಕೆ, ಸಾಗಣೆ ಸೇರಿ ಇಂಗಾಲ ಮುಕ್ಕಾಲು ಟನ್ ಒಳಗೇ. ಹಂಚು ಸೇರಿಸಿದರೂ 2.3 ಟನ್. ಮರ ಬೆಳೆಯುವಾಗ ಹೀರಿಕೊಂಡ ಇಂಗಾಲವನ್ನು ನಾನು ಕಳೆದಿಲ್ಲ. ಒಂದು ಕೆಜಿ ಒಣಮರದಲ್ಲಿ ಅರ್ಧದಷ್ಟು ಇಂಗಾಲದ ಧಾತು, ಗಾಳಿಯಿಂದ ಹೀರಿದ ಡೈಆಕ್ಸೈಡಾಗಿ ಎಣಿಸಿದರೆ 1.8 ಕೆಜಿ. ಅದನ್ನು ಕಳೆದು 'ನಮ್ಮ ಚಾವಣಿ ಇಂಗಾಲ ನುಂಗುತ್ತದೆ' ಎನ್ನುವವರಿದ್ದಾರೆ. ಕಡಿದ ಜಾಗದಲ್ಲಿ ಇನ್ನೊಂದು ಗಿಡ ಬೆಳೆದು, ಮಾಡಿನ ಮರ ನಲವತ್ತೈವತ್ತು ವರ್ಷ ಉಳಿದರೆ ಮಾತ್ರ ಆ ಮಾತಿಗೆ ಅರ್ಥ. ಹತ್ತು ವರ್ಷಕ್ಕೆ ಹುಳ ತಿಂದು ಒಲೆಗೆ ಹೋದರೆ ಅಷ್ಟೂ ವಾಪಸು ಗಾಳಿಗೆ.

ಹುಳದ ಭಯ ಸುಳ್ಳಲ್ಲ. ಸಿಲ್ವರ್ ಮರವನ್ನು ಹಸಿಯಾಗಿ ಏರಿಸಿದರೆ ಅದು ತಿರುಚಿಕೊಳ್ಳುತ್ತದೆ, ಕೊರೆಹುಳ ಬಿಳಿಪುಡಿ ಉದುರಿಸಲು ಶುರು ಮಾಡುತ್ತದೆ. ಕೊಯ್ದ ಕೂಡಲೇ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ, ನಡುವೆ ಪಟ್ಟಿ ಕೊಟ್ಟು ನೆರಳಿನಲ್ಲಿ ಪೇರಿಸಿ ತಿಂಗಳುಗಟ್ಟಲೆ ಒಣಗಿಸಬೇಕು. ಬೋರಾಕ್ಸ್ ನೀರಿನಲ್ಲಿ ತೊಳೆದುಹೋಗುವಂಥದ್ದು, ಹಾಗಾಗಿ ಮಳೆ ಬೀಳುವ ಸೂರಿನ ತುದಿಗೆ ಈ ಮರ ಬೇಡ, ಒಳಗೆ ಹಂಚಿನಡಿಗೆ ಮಾತ್ರ. ಇದರ ಅರ್ಥ, ಈ ಚಾವಣಿ ಬೇಕೆನ್ನುವವರು ಮನೆ ಶುರುವಾಗುವುದಕ್ಕೆ ಆರೇಳು ತಿಂಗಳು ಮೊದಲೇ ಮರ ಕಡಿಸಿರಬೇಕು. ಗೋಡೆ ಎದ್ದ ಮೇಲೆ ನೆನಪಾದರೆ ಪೈಪೇ ಗತಿ. ತೋಟದಲ್ಲಿರುವ ಬೇರೆ ಜಾತಿಯ ಮರವಾದರೆ ಅರಣ್ಯ ಇಲಾಖೆಯ ಕಾಗದಪತ್ರದ ಓಡಾಟಕ್ಕೂ ಸಮಯ ಸೇರಿಸಿಕೊಳ್ಳಿ. ಹಂಚಿನ ಮಾಡಿಗೆ ಕೋತಿಗಳ ಕಾಟವಿದೆ, ಪ್ರತಿ ಮೇ ತಿಂಗಳಲ್ಲಿ ಒಡೆದ ಹಂಚು ಬದಲಿಸುವ ಕೆಲಸವಿದೆ. ಅದನ್ನು ಮಾಡಲು ಮನಸ್ಸಿಲ್ಲದವರಿಗೆ ಈ ಚಾವಣಿ ಹೇಳಿ ಮಾಡಿಸಿದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಒಟ್ಟು ಸೇರಿಸಿದರೆ ಎರಡನೆಯ ಮನೆ ಪೈಪಿನ ಮಾಡಿನೊಂದಿಗೆ ಸುಮಾರು 15 ಟನ್, ಮರದ ಮಾಡಿನೊಂದಿಗೆ 11. ಮೊದಲನೆಯದು 36.

ಈಗ ಸಿಮೆಂಟಿನ ಪ್ರಶ್ನೆ. ನಾನು ಎರಡೂ ಮನೆಗೆ ಪಿಪಿಸಿಯನ್ನೇ ಹಿಡಿದಿದ್ದೇನೆ. ಮೋಲ್ಡ್ ದಿನ ಬಂದಾಗ ಮೇಸ್ತ್ರಿ "ಸಾರ್, ಇದಕ್ಕೆ ಮಾತ್ರ 53 ಗ್ರೇಡೇ ತರಿಸಿ" ಅನ್ನುತ್ತಾನೆ. ಹಾಗೆ ಮೊದಲ ಮನೆಯ ಆರ್‌ಸಿಸಿಗೆಲ್ಲ ಓಪಿಸಿ ತರಿಸಿದರೆ ಇನ್ನೂ 5 ಟನ್ ಏರುತ್ತದೆ. ಮೇಸ್ತ್ರಿಯ ಮಾತಿಗೂ ಕಾರಣವಿದೆ. ಪಿಪಿಸಿ ನಿಧಾನಕ್ಕೆ ಬಲ ಪಡೆಯುತ್ತದೆ. ಡಿಸೆಂಬರ್ ಜನವರಿಯ ಮಡಿಕೇರಿ ಚಳಿಯಲ್ಲಿ ಇನ್ನೂ ನಿಧಾನ. ಸೆಂಟ್ರಿಂಗ್ ಸಾಮಾನು ಬೇಗ ಬಿಚ್ಚಿ ಇನ್ನೊಂದು ಸೈಟಿಗೆ ಸಾಗಿಸಬೇಕಾದವನಿಗೆ ಅದು ತಲೆನೋವು. ಕಾಂಕ್ರೀಟ್ ಕೆಲಸದ ಮಾನದಂಡವಾದ ಐಎಸ್ 456 ಓಪಿಸಿಗೆ ಕನಿಷ್ಠ 7 ದಿನ, ಇಂಥ ಬೆರಕೆ ಸಿಮೆಂಟಿಗೆ 10 ದಿನ ಕ್ಯೂರಿಂಗ್ ಹೇಳುತ್ತದೆ. ಸೆಂಟ್ರಿಂಗ್ ಬಿಚ್ಚುವ ದಿನಗಳ ಪಟ್ಟಿಯೂ ಅದರಲ್ಲಿದೆ, ಆದರೆ ಅದು ಓಪಿಸಿಗೆ, ಅದೂ 15 ಡಿಗ್ರಿಗಿಂತ ಕೆಳಗಿಳಿಯದ ವಾತಾವರಣಕ್ಕೆ. ಹಾಗಾಗಿ ಸೆಂಟ್ರಿಂಗ್ ಗುತ್ತಿಗೆ ಮಾತಾಡುವಾಗಲೇ ಒಂದು ವಾರ ಹೆಚ್ಚಿಗೆ ಬಾಡಿಗೆ ಒಪ್ಪಿಕೊಳ್ಳಬೇಕು. ಆಗ ಮೇಸ್ತ್ರಿಯ ತಕರಾರು ತಾನಾಗಿ ಇಳಿಯುತ್ತದೆ.

ಸ್ಲ್ಯಾಬು ಬೇಕೇ ಬೇಕು, ಮೇಲೊಂದು ಅಂತಸ್ತು ಈಗಲೇ ಕಟ್ಟುತ್ತಿದ್ದೇವೆ ಎನ್ನುವವರು ಕೋಣೆಯ ಅಗಲ ನೋಡಲಿ. ಸ್ಲ್ಯಾಬು ದಾಟಬೇಕಾದ ಅಂತರ ಹೆಚ್ಚಿದಂತೆ ಅದನ್ನು ಬಗ್ಗಿಸುವ ಬಲ ಆ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹನ್ನೆರಡಡಿಯ ಹಾಲ್ ಹದಿನೆಂಟಡಿ ಆದರೆ ಬಲ ಎರಡೂಕಾಲು ಪಟ್ಟು. ದಪ್ಪವೂ ಕಂಬಿಯೂ ಅದಕ್ಕೆ ತಕ್ಕಂತೆ ಬೇಕು. ಹಾಲಿನ ನಡುವೆ ಒಂದು ಗೋಡೆಯನ್ನೋ ಕಂಬವನ್ನೋ ಒಪ್ಪಿಕೊಂಡರೆ ಉಳಿಯುವ ಕಂಬಿ ಯಾವ ಬ್ರಾಂಡ್ ಬದಲಾವಣೆಯಿಂದಲೂ ಉಳಿಯುವುದಿಲ್ಲ.

ನಿಮ್ಮದೇ ಮನೆಯ ಲೆಕ್ಕ ಬೇಕಿದ್ದರೆ ಎಂಜಿನಿಯರ್ ಕೊಟ್ಟ ಎಸ್ಟಿಮೇಟಿನ ಪ್ರಮಾಣ ಪಟ್ಟಿ ತೆಗೆಯಿರಿ. ಪಿಪಿಸಿ ಚೀಲಗಳನ್ನು 33ರಿಂದ, ಓಪಿಸಿ ಚೀಲಗಳನ್ನು 45ರಿಂದ, ಕಂಬಿ ಮತ್ತು ಪೈಪಿನ ಕೆಜಿಯನ್ನು 2.5ರಿಂದ, ಸುಟ್ಟ ಇಟ್ಟಿಗೆ ಅಥವಾ ಹಂಚಿನ ಸಂಖ್ಯೆಯನ್ನು 0.6ರಿಂದ ಗುಣಿಸಿ ಕೂಡಿಸಿ. ಕೊಂಡು ತರುವ ಕಾಂಕ್ರೀಟ್ ಬ್ಲಾಕಿನ ಘನ ಅಳತೆಯನ್ನು 120ರಿಂದ ಗುಣಿಸಿ ಸೇರಿಸಿ. ಅಲ್ಯೂಮಿನಿಯಂ ಕಿಟಕಿ ಇದ್ದರೆ ಅದರ ತೂಕವನ್ನೂ ಕೇಳಿ, ಕೆಜಿಗೆ ಅದು ಉಕ್ಕಿನ ಐದಾರು ಪಟ್ಟು. ಈ ಕೂಡಿಕೆಯನ್ನು ನಕ್ಷೆಯ ಮೊದಲ ಕರಡಿಗೇ ಮಾಡಬೇಕು. ಪಂಚಾಯಿತಿ ಅನುಮತಿ ಸಿಕ್ಕಿದ ನಕ್ಷೆಗೆ ಮಾಡಿದರೆ ಗೊತ್ತಾದದ್ದನ್ನು ಬಳಸಲು ಜಾಗವಿರುವುದಿಲ್ಲ.

ಸೈಟಿನಲ್ಲಿ ಹಳೆಯ ಮನೆ ಇದ್ದರೆ ಲೆಕ್ಕವೇ ಬೇರೆ. ತೋಟದ ಕಾರ್ಮಿಕರ ಲೈನ್‌ಮನೆಯೋ ಹಳೆ ಕಾಲದ ತೋಟದ ಮನೆಯೋ, ಕೆಡವುವ ಮುನ್ನ ಬುನಾದಿ ನೋಡಿ. ಗೋಡೆಯಲ್ಲಿ ಬಿರುಕಿದ್ದರೂ ಕೆಳಗಿನ ಸೈಜುಗಲ್ಲು ಮಟ್ಟವಾಗಿ ಕೂತಿದ್ದರೆ ಅದರ ಮೇಲೆಯೇ ಹೊಸ ಗೋಡೆ ಏಳಬಹುದು, ಬರೆ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಒಂದು ಮೂಲೆ ಕುಸಿದಿದ್ದರೆ ಅಲ್ಲಿ ಮಾತ್ರ ಬಿಚ್ಚಿ ಕಟ್ಟಬೇಕು. ಹಳೆ ಹಂಚನ್ನು ಒಂದೊಂದಾಗಿ ಇಳಿಸಿ ಬೆರಳ ಗಂಟಿನಿಂದ ತಟ್ಟಿ ನೋಡಿ. ಠಣ್ ಎಂದರೆ ಇನ್ನೂ ದಶಕಗಳು ಬಾಳುತ್ತದೆ, ಮಂಕಾಗಿ ಸದ್ದು ಬಂದರೆ ಒಳಗೆ ಸೀಳಿದೆ. ಹಳೆ ಪಕಾಸುಗಳಲ್ಲಿ ಗೋಡೆಯೊಳಗೆ ಕೂತಿದ್ದ ತುದಿಯನ್ನು ಉಳಿಯಿಂದ ಚುಚ್ಚಿ ಪರೀಕ್ಷಿಸಿ, ಕೊಳೆಯುವುದು ಸಾಮಾನ್ಯವಾಗಿ ಅಲ್ಲೇ. ಒಂದಡಿ ಕೊಯ್ದು ಹಾಕಿದರೆ ಉಳಿದದ್ದು ಗಟ್ಟಿ ಮರ. ಕೆಡವುವ ಗುತ್ತಿಗೆಯನ್ನು ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ಕೊಟ್ಟರೆ ಇದಾವುದೂ ಉಳಿಯುವುದಿಲ್ಲ. ಹಂಚು, ಮರ, ಕಲ್ಲು ಇಳಿಸುವುದನ್ನು ಬೇರೆಯಾಗಿ ಆಳುಗಳಿಗೆ ವಹಿಸಿ, ಅವರು ಮುಗಿಸಿದ ಮೇಲೆಯೇ ಯಂತ್ರಕ್ಕೆ ಫೋನ್ ಮಾಡಬೇಕು.